ಹನ್ನೆರಡು ಗೆರೆ, ಮೂವತ್ತು ಯೂನಿಟ್

ವರದಿಯಲ್ಲಿ ಇದ್ದದ್ದು ನಾಲ್ಕೇ ವಾಕ್ಯ.

"ನಿನ್ನೆ ಸಂಜೆ ಡ್ಯೂಟಿಯಲ್ಲಿದ್ದ ಸಿಸ್ಟರ್ (ಇಲ್ಲಿ ಹೆಸರು) ಅವರು ಅಜಾಗರೂಕತೆಯಿಂದ ರೋಗಿಗೆ ಹೆಚ್ಚು ಇನ್ಸುಲಿನ್ ಕೊಟ್ಟಿರುತ್ತಾರೆ. ರೋಗಿಗೆ ಲೋ ಶುಗರ್ ಆಗಿದ್ದು ಕೂಡಲೇ ಚಿಕಿತ್ಸೆ ನೀಡಲಾಗಿದೆ. ಸದರಿ ಸಿಸ್ಟರ್‌ಗೆ ತಿಳುವಳಿಕೆ ಹೇಳಲಾಗಿದೆ. ಮುಂದೆ ಹೀಗಾಗದಂತೆ ಎಚ್ಚರ ವಹಿಸಲಾಗುವುದು."

ಕೆಳಗೆ ವಾರ್ಡ್ ಇನ್‌ಚಾರ್ಜ್ ಸಹಿ, ಮೊಹರು. ಸರ್ಕಾರಿ ಕಚೇರಿಗೆ ಬರೆಯುವ ಕನ್ನಡ ಅಭ್ಯಾಸವಿದ್ದವರಿಗೆ ಇದರಲ್ಲಿ ಯಾವ ಕೊರತೆಯೂ ಕಾಣುವುದಿಲ್ಲ. ತಪ್ಪು ಒಪ್ಪಿಕೊಂಡಾಯಿತು, ತಪ್ಪಿತಸ್ಥರ ಹೆಸರು ಬಂತು, ಭರವಸೆಯೂ ಬಂತು. ಆದರೆ ಓದಿ ಮುಗಿಸಿದ ಮೇಲೂ ಮುಖ್ಯವಾದ ಒಂದು ಸಂಗತಿ ಗೊತ್ತಾಗುವುದಿಲ್ಲ: ಹೆಚ್ಚು ಎಂದರೆ ಎಷ್ಟು ಹೆಚ್ಚು? ಅದು ಹೇಗೆ ಹೆಚ್ಚಾಯಿತು?

ಕ್ಲಿನಿಕಲ್ ಫಾರ್ಮಸಿಸ್ಟ್ ಆಗಿ ಇಂಥ ವರದಿಗಳನ್ನು ಓದುವುದು ನನ್ನ ಕೆಲಸದ ಒಂದು ಭಾಗವಾಗಿತ್ತು. ಈ ಪ್ರಕರಣದಲ್ಲಿ ವಯಸ್ಸು, ವೇಳೆ, ವಾರ್ಡು ಎಲ್ಲವನ್ನೂ ಗುರುತು ಸಿಗದಂತೆ ಬದಲಿಸಿದ್ದೇನೆ. ಸಿರಿಂಜಿನ ಲೆಕ್ಕವನ್ನು ಮಾತ್ರ ಬದಲಿಸಿಲ್ಲ, ಏಕೆಂದರೆ ಇಡೀ ಕಥೆ ಇರುವುದೇ ಆ ಲೆಕ್ಕದಲ್ಲಿ.

ಮೊದಲಿಗೆ ಒಂದು ಗೊಂದಲ ಬಿಡಿಸಿಕೊಳ್ಳೋಣ. ಔಷಧದಿಂದ ಆಗುವ ತೊಂದರೆಯೆಲ್ಲ ಔಷಧದ ತಪ್ಪಲ್ಲ. ಹಿಂದೆಂದೂ ಪೆನ್ಸಿಲಿನ್ ತೆಗೆದುಕೊಳ್ಳದ ಒಬ್ಬರಿಗೆ ಅದನ್ನು ಕೊಟ್ಟಾಗ ಮೈಯೆಲ್ಲ ದದ್ದು ಎದ್ದರೆ ಅದು ಅಡ್ಡ ಪರಿಣಾಮ. ಕೊಟ್ಟವರು ಸರಿಯಾಗಿಯೇ ಕೊಟ್ಟಿದ್ದಾರೆ. ಅದೇ ವ್ಯಕ್ತಿ ಮುಂದಿನ ಸಲ ಅಡ್ಮಿಟ್ ಆದಾಗ, ಕೇಸ್ ಶೀಟಿನ ಮೇಲೆ "ಪೆನ್ಸಿಲಿನ್ ಅಲರ್ಜಿ" ಎಂದು ಬರೆದಿದ್ದರೂ ಮತ್ತೆ ಅದನ್ನೇ ಕೊಟ್ಟರೆ ಅದು ತಪ್ಪು. ಮೊದಲನೆಯದನ್ನು ವರದಿ ಮಾಡಲು ದೇಶಕ್ಕೆಲ್ಲ ಒಂದೇ ಫಾರಂ ಇದೆ. 2010ರಲ್ಲಿ ಶುರುವಾದ ಭಾರತೀಯ ಔಷಧ ಜಾಗೃತಿ ಕಾರ್ಯಕ್ರಮದ ಫಾರಂ ಅದು. ಘಾಜಿಯಾಬಾದಿನ ಇಂಡಿಯನ್ ಫಾರ್ಮಕೋಪಿಯಾ ಕಮಿಷನ್ ಅದನ್ನು ನೋಡಿಕೊಳ್ಳುತ್ತದೆ. ಎರಡನೆಯದು ಹೆಚ್ಚಾಗಿ ಆಸ್ಪತ್ರೆಯ ಒಳಗೇ ಓಡಾಡುವ ಕಾಗದ. ಮಾನ್ಯತೆ ಪಡೆದ ಆಸ್ಪತ್ರೆಗಳಲ್ಲಿ ಅದಕ್ಕೆಂದೇ ಫಾರಂ ಇರುತ್ತದೆ. ಫಾರಂ ಇದ್ದೂ ಬರೆಯುವುದು ಏನನ್ನು ಎಂಬುದು ಇಲ್ಲಿನ ಪ್ರಶ್ನೆ.

ನಾಲ್ಕು ವಾಕ್ಯದ ಆ ವರದಿ ಹಿಡಿದು ವಾರ್ಡಿಗೆ ಹೋದೆ. ಆ ಸಿಸ್ಟರ್‌ಗೆ ಇಪ್ಪತ್ಮೂರೋ ಇಪ್ಪತ್ನಾಲ್ಕೋ ವಯಸ್ಸು. ಅತ್ತು ಕಣ್ಣು ಊದಿಕೊಂಡಿದ್ದವು. ಇನ್‌ಚಾರ್ಜ್ ಸಿಸ್ಟರ್ ಪಕ್ಕದಲ್ಲೇ ನಿಂತಿದ್ದರು.

"ಡೋಸ್ ಎಷ್ಟು ಬರೆದಿತ್ತಮ್ಮ?" ಅಂದೆ.

"ಹನ್ನೆರಡು ಯೂನಿಟ್ ಸರ್, ಪ್ಲೇನ್. ನಾನು ಹನ್ನೆರಡೇ ಎಳೆದಿದ್ದು ಸರ್. ಅಕ್ಕ ಕೂಡ ನೋಡಿದ್ರು."

"ಯಾವ ಸಿರಿಂಜಲ್ಲಿ?"

"ಇನ್ಸುಲಿನ್ ಸಿರಿಂಜಲ್ಲೇ ಸರ್. ಕೆಂಪು ಕ್ಯಾಪ್. ನಮ್ಮ ವಾರ್ಡಲ್ಲಿ ಇರೋದೇ ಅದೊಂದು."

"ಬಾಟಲಿ?"

ಆಗ ಸ್ವಲ್ಪ ತಡವರಿಸಿದಳು. "ಬಾಟಲಿ ಖಾಲಿಯಾಗಿತ್ತು ಸರ್. ಫಾರ್ಮಸಿಯಿಂದ ಆ ಸಣ್ಣ ಗಾಜಿಂದು ಬಂದಿತ್ತು. ಅದರಿಂದ ಎಳೆದೆ."

ಸಣ್ಣ ಗಾಜಿಂದು ಎಂದರೆ ಇನ್ಸುಲಿನ್ ಪೆನ್ನಿಗೆ ಹಾಕುವ 3 ಮಿಲಿಲೀಟರಿನ ಕಾರ್ಟ್ರಿಜ್. ನಡೆದದ್ದೇನು ಎಂಬುದು ಅಷ್ಟರಲ್ಲಿ ಬಯಲಾಯಿತು.

ಮನೆಯಲ್ಲಿ ಸಕ್ಕರೆ ಕಾಯಿಲೆಯವರು ಇರುವ ಓದುಗರು ಇದನ್ನು ತಿಳಿದಿಟ್ಟುಕೊಂಡರೆ ಒಳ್ಳೆಯದು. ನಮ್ಮ ದೇಶದಲ್ಲಿ ಇನ್ಸುಲಿನ್ ಹೆಚ್ಚಾಗಿ ಎರಡು ಗಾಢತೆಯಲ್ಲಿ ಸಿಗುತ್ತದೆ. ಸಾಮಾನ್ಯ ಬಾಟಲಿಗಳಲ್ಲಿ ಹೆಚ್ಚಿನವು ಒಂದು ಮಿಲಿಲೀಟರಿಗೆ 40 ಯೂನಿಟ್ ಇರುವಂಥವು. ಪೆನ್ನಿನ ಕಾರ್ಟ್ರಿಜ್‌ಗಳಲ್ಲಿ, ಕೆಲವು ಬಾಟಲಿಗಳಲ್ಲೂ, ಒಂದು ಮಿಲಿಲೀಟರಿಗೆ 100 ಯೂನಿಟ್ ಇರುತ್ತದೆ. ಸಿರಿಂಜ್‌ಗಳೂ ಅದಕ್ಕೆ ತಕ್ಕಂತೆ ಎರಡು: ನಲವತ್ತರದ್ದಕ್ಕೆ ಕೆಂಪು ಮುಚ್ಚಳ, ನೂರರದ್ದಕ್ಕೆ ಕಿತ್ತಳೆ ಬಣ್ಣದ ಮುಚ್ಚಳ. ಸಿರಿಂಜಿನ ಮೇಲಿನ ಗೆರೆ ಅಳೆಯುವುದು ದ್ರವ ಎಷ್ಟಿದೆ ಎಂಬುದನ್ನಷ್ಟೆ. ಅದು ಯೂನಿಟ್ ಆಗುವುದು ಸರಿಯಾದ ಬಾಟಲಿ ಜೊತೆಗಿದ್ದಾಗ ಮಾತ್ರ.

ಕೆಂಪು ಮುಚ್ಚಳದ ಸಿರಿಂಜಿನಲ್ಲಿ ಹನ್ನೆರಡರ ಗೆರೆಯವರೆಗೆ ಎಳೆದರೆ ಒಳಗೆ ಬರುವುದು 0.3 ಮಿಲಿಲೀಟರ್. ನಲವತ್ತರ ಬಾಟಲಿಯಿಂದಾದರೆ ಅದು ಸರಿಯಾಗಿ 12 ಯೂನಿಟ್. ನೂರರ ಕಾರ್ಟ್ರಿಜ್‌ನಿಂದ ಎಳೆದರೆ ಅದೇ 0.3 ಮಿಲಿಲೀಟರಿನಲ್ಲಿ 30 ಯೂನಿಟ್ ಇರುತ್ತದೆ. ಎರಡೂವರೆ ಪಟ್ಟು. ನೋಡುವ ಕಣ್ಣಿಗೆ ಮಾತ್ರ ಗೆರೆ ಹನ್ನೆರಡರ ಮೇಲೇ ಇರುತ್ತದೆ. ಇನ್ನೊಬ್ಬ ಸಿಸ್ಟರ್ ಬಂದು ಪರೀಕ್ಷಿಸಿದಾಗಲೂ ಅಲ್ಲೇ ಇರುತ್ತದೆ. "ಅಕ್ಕ ಕೂಡ ನೋಡಿದ್ರು" ಎಂದದ್ದು ನಿಜವೇ. ಅಕ್ಕ ನೋಡಿದ್ದೂ ಅದೇ ಗೆರೆಯನ್ನು.

ಈಗ ಆ ನಾಲ್ಕು ವಾಕ್ಯಕ್ಕೆ ವಾಪಸ್ ಬರೋಣ. "ಅಜಾಗರೂಕತೆ" ಎಂಬ ಒಂದೇ ಪದ ಇಷ್ಟನ್ನೂ ಮುಚ್ಚಿಹಾಕಿತ್ತು. ಆ ಪದ ಸುಳ್ಳೇ ಎಂದು ವಾದಿಸಲು ನಾನು ಹೋಗುವುದಿಲ್ಲ. ಕಾರ್ಟ್ರಿಜ್ ಮೇಲೆ 100 ಎಂದು ಅಚ್ಚಾಗಿರುವುದನ್ನು ಓದದೆ ಬಿಟ್ಟದ್ದು ಅಜಾಗರೂಕತೆ ಎಂದು ಯಾರಾದರೂ ಅಂದರೆ ಅನ್ನಲಿ. ಆದರೆ ಅದು ಅಭಿಪ್ರಾಯ. ವರದಿ ಬರೆಯುವವರು ಬರೆಯಬೇಕಾದದ್ದು ಕಂಡದ್ದನ್ನು. ಅಭಿಪ್ರಾಯ ಬರೆದ ಕೂಡಲೇ ಓದುವವರು ಕೇಳುವುದನ್ನು ನಿಲ್ಲಿಸುತ್ತಾರೆ, ಏಕೆಂದರೆ ಉತ್ತರ ಆಗಲೇ ಸಿಕ್ಕಿಬಿಟ್ಟಿದೆಯಲ್ಲ.

ಯಾವ ವಿವರ ಬೇಕು, ಯಾವುದು ಬೇಡ ಎಂದು ಅಳೆಯಲು ನಾನು ಬಳಸುತ್ತಿದ್ದ ಪ್ರಶ್ನೆ ಒಂದೇ. ಈ ವಿವರ ಬೇರೆ ಥರ ಇದ್ದಿದ್ದರೆ ತಪ್ಪು ನಡೆಯುತ್ತಿತ್ತೆ, ಅಥವಾ ರೋಗಿಗೆ ಆದ ತೊಂದರೆ ಬೇರೆ ಥರ ಆಗುತ್ತಿತ್ತೆ? ಮುಚ್ಚಳ ಕಿತ್ತಳೆಯದ್ದಾಗಿದ್ದರೆ ತಪ್ಪು ನಡೆಯುತ್ತಲೇ ಇರಲಿಲ್ಲ. ಹಾಗಾಗಿ ಮುಚ್ಚಳದ ಬಣ್ಣ ಬೇಕು. ಸಿಸ್ಟರ್ ಹೆಸರು ಬೇರೆಯಾಗಿದ್ದರೆ? ಕೆಂಪು ಮುಚ್ಚಳದ ಸಿರಿಂಜ್ ಒಂದೇ ಇರುವ ವಾರ್ಡಿಗೆ, ಬಾಟಲಿ ಮುಗಿದ ದಿನ, ಪೆನ್ನಿಲ್ಲದ ಕಾರ್ಟ್ರಿಜ್ ಬಂದರೆ, ಆ ಜಾಗದಲ್ಲಿ ಯಾರಿದ್ದರೂ ಹಾಗೆಯೇ ಎಳೆಯುವ ಸಾಧ್ಯತೆ ಇತ್ತು. ಹೆಸರು ಬೇಡ.

ಇದೇ ಅಳತೆಗೋಲು ಹಿಡಿದು ಎರಡನೇ ಸಲ ವಿವರ ಕೂಡಿಸಿದೆವು. ಸ್ವಾರಸ್ಯ ಇದ್ದದ್ದು ಅಲ್ಲಿಯೇ.

ಮೊದಲು ವೇಳೆ. ಔಷಧದ ವರದಿಗಳಲ್ಲಿ ಹೆಚ್ಚು ಕೆಟ್ಟಿರುವ ಭಾಗ ಇದು. "ರಾತ್ರಿ" ಎಂದು ಬರೆದರೆ ಏನೂ ಬರೆದಂತಲ್ಲ. ಈ ಪ್ರಕರಣದಲ್ಲಿ ಬೇರೆ ಬೇರೆ ವೇಳೆಗಳಿದ್ದವು, ಒಂದೊಂದೂ ಒಂದೊಂದು ವಿಷಯ ಹೇಳುತ್ತಿತ್ತು. ಇನ್ಸುಲಿನ್ ಕೊಟ್ಟದ್ದು 7.45ಕ್ಕೆ. ಸಂಜೆ ಶಿಫ್ಟ್ ಮುಗಿಯುವುದು 8ಕ್ಕೆ, ಅಂದರೆ ಹ್ಯಾಂಡೋವರ್ ಕೊಡುವ ಗಡಿಬಿಡಿಯ ಹೊತ್ತು. ಊಟ ಬಂದದ್ದು 8.20ಕ್ಕೆ, ಅಜ್ಜಿ ತಿಂದದ್ದು ಅರ್ಧ. ಮೈ ಬೆವರಿ, ಕರೆದರೆ ಸರಿಯಾಗಿ ಮಾತಾಡದೆ ಹೋದದ್ದು 10.40ಕ್ಕೆ. ಆಗ ಬೆರಳಿನಿಂದ ನೋಡಿದ ಶುಗರ್ 41. ಎಪ್ಪತ್ತಕ್ಕಿಂತ ಕೆಳಗಿಳಿದರೇ ಲೋ ಶುಗರ್ ಎನ್ನುತ್ತೇವೆ. 54ಕ್ಕಿಂತ ಕೆಳಗೆ ಎಂದರೆ ಮಿದುಳಿಗೆ ಸಕ್ಕರೆ ಸಾಲದೆ ಹೋಗುವ ಮಟ್ಟ. ಡ್ಯೂಟಿ ಡಾಕ್ಟರ್ 25 ಪರ್ಸೆಂಟ್ ಡೆಕ್ಸ್‌ಟ್ರೋಸ್ 100 ಮಿಲಿಲೀಟರ್ ಕೊಟ್ಟರು; 11 ಗಂಟೆಗೆ 132 ಆಯಿತು, ಅಜ್ಜಿ ಕಣ್ಣು ಬಿಟ್ಟು ಮಗನ ಹೆಸರು ಹಿಡಿದು ಕರೆದರು. ಎಲ್ಲರೂ ಉಸಿರು ಬಿಟ್ಟರು. ರಾತ್ರಿ 2.30ಕ್ಕೆ ಮತ್ತೆ 58. ಡೆಕ್ಸ್‌ಟ್ರೋಸ್ ಡ್ರಿಪ್ ಹಾಕಿ ಬೆಳಗಿನವರೆಗೆ ಕಾದರು.

ಇದು ತಪ್ಪು ಎಂದು ಗೊತ್ತಾದದ್ದು ಯಾವಾಗ? ಬೆಳಿಗ್ಗೆ 6.30ಕ್ಕೆ. ರಾತ್ರಿ ಸಿಸ್ಟರ್ ಟ್ರೇ ಒರೆಸುವಾಗ ಕಾರ್ಟ್ರಿಜ್ ಪಕ್ಕದಲ್ಲೇ ಕೆಂಪು ಮುಚ್ಚಳ ಬಿದ್ದಿರುವುದನ್ನು ಕಂಡರು. ಅಲ್ಲಿಯವರೆಗೆ ಎಲ್ಲರೂ ನಂಬಿದ್ದು, ಅಜ್ಜಿ ಸರಿಯಾಗಿ ಊಟ ಮಾಡಲಿಲ್ಲ, ಅದಕ್ಕೇ ಶುಗರ್ ಇಳಿಯಿತು ಎಂದು. ತಪ್ಪು ನಡೆದ ವೇಳೆಗೂ ಅದು ತಪ್ಪೆಂದು ತಿಳಿದ ವೇಳೆಗೂ ನಡುವೆ ಸುಮಾರು ಹನ್ನೊಂದು ಗಂಟೆ ಅಂತರ. ಅಷ್ಟು ಹೊತ್ತು ಆ ಕಾರ್ಟ್ರಿಜ್ ವಾರ್ಡಿನಲ್ಲೇ ಇತ್ತು. ಬೆಳಗಿನ ಡೋಸ್‌ಗೂ ಅದನ್ನೇ ಬಳಸುವವರಿದ್ದರು. ಮೂಲ ವರದಿಯಲ್ಲಿದ್ದ "ಕೂಡಲೇ" ಎಂಬ ಪದ ಈ ಹನ್ನೊಂದು ಗಂಟೆಗಳನ್ನು ನುಂಗಿ ಹಾಕಿತ್ತು.

ಆಮೇಲೆ ರೋಗಿಯ ವಿವರ. ಇಲ್ಲಿ ಎರಡೂ ಕಡೆ ಎಡವುತ್ತಾರೆ. ಕೆಲವರು ಹೆಸರು, ಊರು, ಮನೆಯವರ ಫೋನ್ ನಂಬರ್ ಎಲ್ಲ ಬರೆದು ಮುಖ್ಯವಾದದ್ದನ್ನೇ ಬಿಡುತ್ತಾರೆ. ಕೆಲವರು ಗೋಪ್ಯತೆ ಎಂದು "ಒಬ್ಬ ರೋಗಿ" ಎಂದಷ್ಟೇ ಬರೆಯುತ್ತಾರೆ. ಬೇಕಾದದ್ದು, ಈ ಔಷಧ ಈ ಮೈಯಲ್ಲಿ ಹೇಗೆ ನಡೆದುಕೊಂಡಿತು ಎಂದು ಅರ್ಥಮಾಡಿಸುವ ವಿವರ. ಅಜ್ಜಿಗೆ 68 ವರ್ಷ, ಕಾಲಿನ ಗಾಯಕ್ಕೆ ಅಡ್ಮಿಟ್ ಆಗಿದ್ದರು, ಕ್ರಿಯಾಟಿನಿನ್ 2.8 ಇತ್ತು. ಈ ಕೊನೆಯದು ನಾಲ್ಕು ವಾಕ್ಯಗಳಲ್ಲಿ ಎಲ್ಲೂ ಇರಲಿಲ್ಲ. ಇನ್ಸುಲಿನ್ ಮೈಯಿಂದ ಹೊರಹೋಗುವುದರಲ್ಲಿ ಮೂತ್ರಪಿಂಡದ್ದು ದೊಡ್ಡ ಪಾತ್ರ. ಕಿಡ್ನಿ ಸೋತಿದ್ದರೆ ಇನ್ಸುಲಿನ್ ಹೆಚ್ಚು ಹೊತ್ತು ಉಳಿದು ಕೆಲಸ ಮಾಡುತ್ತಲೇ ಇರುತ್ತದೆ. 11 ಗಂಟೆಗೆ ಸರಿಹೋದ ಶುಗರ್ 2.30ಕ್ಕೆ ಮತ್ತೆ ಬಿದ್ದದ್ದಕ್ಕೆ ಹೆಚ್ಚಾದ ಡೋಸಿನ ಜೊತೆಗೆ ಇದೂ ಕಾರಣವಾಗಿರಬಹುದು.

ಅದೇ ಅಜ್ಜಿಗೆ ಕಣ್ಣಿನ ಪೊರೆ ಆಪರೇಷನ್ ಆಗಿತ್ತು. ಅದು ಬೇಡ. ಹಿಂದೆ ಯಾವಾಗಲೋ ಟಿಬಿ ಇತ್ತು. ಈಗ ಮಾತ್ರೆ ಇಲ್ಲ, ಹಾಗಾಗಿ ಅದೂ ಬೇಡ. ಟಿಬಿ ಮಾತ್ರೆ ನುಂಗುತ್ತಿದ್ದರೆ ಮಾತು ಬೇರೆ, ರಿಫಾಂಪಿಸಿನ್ ಸಕ್ಕರೆ ಕಾಯಿಲೆಯ ಹಲವು ಮಾತ್ರೆಗಳ ಬಲ ತಗ್ಗಿಸುತ್ತದೆ. ಒಂದೇ ಕಾಯಿಲೆಯ ಹೆಸರು ಒಂದು ವರದಿಯಲ್ಲಿ ಅಗತ್ಯ, ಇನ್ನೊಂದರಲ್ಲಿ ಬರೀ ಹರಟೆ. ಎಚ್‌ಐವಿಯ ವಿಷಯವಂತೂ ಹರಟೆಗಿಂತ ಕೆಟ್ಟದ್ದು. ಒಪ್ಪಿಗೆಯಿಲ್ಲದೆ ಅದನ್ನು ಬಯಲು ಮಾಡದಂತೆ 2017ರ ಕಾಯ್ದೆಯೇ ತಡೆಯುತ್ತದೆ. ಮಗುವಿನ ಪ್ರಕರಣವಾದರೆ ಎಲ್ಲಕ್ಕಿಂತ ಮೊದಲು ತೂಕ ಬರೆಯಬೇಕು. ತೂಕವಿಲ್ಲದ ಮಕ್ಕಳ ವರದಿಯನ್ನು ನಾನು ಹಾಗೆಯೇ ವಾಪಸ್ ಕಳಿಸುತ್ತಿದ್ದೆ.

ಹೆಸರಿನ ಬಗ್ಗೆ ಒಂದು ಮಾತು. ಮೇಲೆ ಹೇಳಿದ ದೇಶದ ಅಡ್ಡ ಪರಿಣಾಮದ ಫಾರಂನಲ್ಲಿ ರೋಗಿಯ ಪೂರ್ತಿ ಹೆಸರು ಕೇಳುವುದೇ ಇಲ್ಲ, ಮೊದಲಕ್ಷರಗಳು ಸಾಕು. ಆ ವರದಿ ಸಲ್ಲಿಸುವುದು ತಪ್ಪೊಪ್ಪಿಗೆಯಲ್ಲ ಎಂದು ಅದೇ ಫಾರಂನಲ್ಲಿ ಅಚ್ಚು ಹಾಕಿದ್ದಾರೆ. ಆಸ್ಪತ್ರೆಯೊಳಗಿನ ವರದಿಗೆ ಕೇಸ್ ಶೀಟ್ ಹುಡುಕಲು ಐಪಿ ನಂಬರ್ ಬೇಕಾಗುತ್ತದೆ, ನಿಜ. ಅದನ್ನು ಹರಿದು ತೆಗೆಯಬಹುದಾದ ಮೂಲೆಯಲ್ಲಿ ಬರೆದರೆ ಸಾಕು. ಪರಿಶೀಲನೆ ಮುಗಿದ ಮೇಲೆ ಆ ಮೂಲೆ ಬೇರೆಯಾಗುತ್ತದೆ.

ಮೂರನೆಯದು, ಕೈಗೆ ಬಂದ ವಸ್ತು. ಚಾರ್ಟಿನಲ್ಲಿ ಏನು ಬರೆದಿತ್ತೋ ಅದನ್ನು ಇದ್ದಂತೆಯೇ ನಕಲು ಮಾಡಬೇಕು, ತಿದ್ದಬಾರದು. ಇಲ್ಲಿ "ಯೂನಿಟ್" ಎಂಬುದನ್ನು ಡಾಕ್ಟರ್ ಪೂರ್ತಿ ಬರೆದಿದ್ದರು, ಪುಣ್ಯ. ಇಂಗ್ಲಿಷಿನ ಯು ಅಕ್ಷರವೊಂದನ್ನೇ ಬರೆದರೆ ಅದು ಸೊನ್ನೆಯಂತೆ ಕಂಡು 12 ಯೂನಿಟ್ 120 ಆಗಿಬಿಡುವುದು ಎಲ್ಲ ದೇಶಗಳಲ್ಲೂ ಹೆಸರಾದ ತಪ್ಪು. ಬರೆದದ್ದನ್ನು ವರದಿಯವರು "ಸರಿಮಾಡಿ" ನಕಲಿಸಿದರೆ ಅಂಥ ಕಾರಣ ಎಂದೂ ಸಿಗುವುದಿಲ್ಲ. ಹಾಗೆಯೇ ಔಷಧದ ಕಂಪನಿ ಹೆಸರು, ಡಬ್ಬಿಯ ಬಣ್ಣ, ಗಾಢತೆ, ಎಲ್ಲಿ ಇಟ್ಟಿದ್ದರು ಎಂಬುದು. ನಮ್ಮ ಪ್ರಕರಣದಲ್ಲಿ ಫ್ರಿಜ್‌ನ ಬಾಗಿಲಿನ ಒಂದೇ ಅರೆಯಲ್ಲಿ ಬಾಟಲಿಗಳೂ ಕಾರ್ಟ್ರಿಜ್‌ಗಳೂ ಇದ್ದವು, ಮೇಲೆ "ಇನ್ಸುಲಿನ್" ಎಂದು ಒಂದೇ ಚೀಟಿ. ಬ್ಯಾಚ್ ನಂಬರ್? ಔಷಧದ ಗುಣಮಟ್ಟದ ಮೇಲೆ ಅನುಮಾನವಿದ್ದರೆ ಅದೇ ಎಲ್ಲಕ್ಕಿಂತ ಮುಖ್ಯ. ಇಲ್ಲಿ ಔಷಧದಲ್ಲಿ ದೋಷವಿಲ್ಲ, ಬರೆದರೂ ಬಿಟ್ಟರೂ ಒಂದೇ.

ಸಿರಿಂಜ್, ಕಾರ್ಟ್ರಿಜ್ ಎರಡನ್ನೂ ಎಸೆಯದೆ ಚೀಟಿ ಅಂಟಿಸಿ ಎತ್ತಿಟ್ಟದ್ದು ರಾತ್ರಿ ಸಿಸ್ಟರ್‌ರ ಜಾಣತನ. ಫೋಟೋ ತೆಗೆದದ್ದೂ ಸರಿ. ಆದರೆ ಯಾರೋ ಅದನ್ನು ವಾರ್ಡಿನ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದರು, ಹಿಂದೆ ಬೆಡ್ ನಂಬರ್ ಕಾಣುತ್ತಿತ್ತು. ಮಧ್ಯಾಹ್ನದೊಳಗೆ ಕ್ಯಾಂಟೀನ್‌ವರೆಗೆ ಸುದ್ದಿ. ವರದಿಯಲ್ಲಿ ಹೆಸರು ಬಿಟ್ಟು ಏನು ಬಂತು?

ನಾಲ್ಕನೆಯದು, ಸುತ್ತಲಿನ ಪರಿಸ್ಥಿತಿ. ಇದನ್ನು ಬರೆಯಲು ಸಿಸ್ಟರ್‌ಗಳು ಹಿಂಜರಿಯುತ್ತಾರೆ, ನೆಪ ಹೇಳಿದಂತೆ ಆಗುತ್ತದಲ್ಲ ಎಂದು. ಅವತ್ತು ಭಾನುವಾರ. ಫಾರ್ಮಸಿಯಲ್ಲಿ ನಲವತ್ತರ ಬಾಟಲಿ ಮುಗಿದಿತ್ತು. ವಾರ್ಡಿನಿಂದ ಹೋದ ಇಂಡೆಂಟ್‌ನಲ್ಲಿ "ಪ್ಲೇನ್ ಇನ್ಸುಲಿನ್ 1" ಎಂದಷ್ಟೇ ಇತ್ತು, ಗಾಢತೆ ಇಲ್ಲ. ಕೌಂಟರಿನಲ್ಲಿದ್ದವರು ಅದೇ ಔಷಧದ ಕಾರ್ಟ್ರಿಜ್ ಕಳಿಸಿದರು. ಔಷಧ ಅದೇ ಆದ್ದರಿಂದ ಅವರ ಲೆಕ್ಕಕ್ಕೆ ಅದು ಸರಿ. ಪೆನ್ನು ಕಳಿಸಲಿಲ್ಲ, ಕಿತ್ತಳೆ ಮುಚ್ಚಳದ ಸಿರಿಂಜೂ ಇರಲಿಲ್ಲ. ಇದರಲ್ಲಿ ಒಂದೊಂದೂ ತಾನಾಗಿಯೇ ನೋಡಿದರೆ ತಪ್ಪೇ ಅಲ್ಲ. ಕೊನೆಗೆ ಎಲ್ಲ ಬಂದು ಸೇರಿದ್ದು 7.45ಕ್ಕೆ, ಒಂದು ಹುಡುಗಿಯ ಕೈಯಲ್ಲಿ.

ಆದರೆ ಇಲ್ಲಿ ಗಡಿ ಹಾಕಿಕೊಳ್ಳಬೇಕು. "ಸಿಬ್ಬಂದಿ ಕೊರತೆಯಿಂದ ಹೀಗಾಯಿತು" ಎಂದು ಮೊದಲ ತಿದ್ದುಪಡಿಯಲ್ಲಿ ಇನ್‌ಚಾರ್ಜ್ ಬರೆದುಕೊಟ್ಟರು. ಅದು ಊಹೆ. "ಆ ಶಿಫ್ಟಿನಲ್ಲಿ 24 ರೋಗಿಗಳಿಗೆ ಇಬ್ಬರು ಸಿಸ್ಟರ್" ಎಂದು ಬರೆದರೆ ಅದು ಸಂಗತಿ. ಕಾರಣ ಹೌದೋ ಅಲ್ಲವೋ ಎಂಬುದನ್ನು ಓದುವ ಸಮಿತಿ ನೋಡಿಕೊಳ್ಳಲಿ. ಹಾಗೆಯೇ "ಸಿಸ್ಟರ್‌ಗೆ ಅವತ್ತು ಮನೆಯಲ್ಲಿ ತಾಪತ್ರಯ ಇತ್ತಂತೆ" ಎಂಬ ಸಾಲು. ಅಂತೆಕಂತೆ ಎಲ್ಲ ಹೊಡೆದು ಹಾಕಿದೆ. ರೋಗಿಯ ಕಡೆಯವರು ಬೆಳಿಗ್ಗೆ ಏನು ಕೂಗಾಡಿದರು ಎಂಬ ಅರ್ಧ ಪುಟವನ್ನೂ ಹೊಡೆದು ಹಾಕಿದೆ. ಅವರ ಮಾತಿನಲ್ಲಿ ಬೇಕಾದ ಒಂದೇ ಸಾಲು ಇತ್ತು: ಎಂಟೂವರೆ ಹೊತ್ತಿಗೇ ಮಗ ಬಂದು "ಅಮ್ಮ ಊಟ ಅರ್ಧಕ್ಕೇ ಬಿಟ್ಟರು" ಎಂದು ಹೇಳಿದ್ದ. ಹ್ಯಾಂಡೋವರ್ ಗದ್ದಲದಲ್ಲಿ ಅದು ರಾತ್ರಿ ಶಿಫ್ಟಿನವರಿಗೆ ತಲುಪಿರಲಿಲ್ಲ.

ಹೆಸರು ಬರೆಯಬಾರದು ಎಂದರೆ ತಪ್ಪು ಮಾಡಿದವರನ್ನು ಬಚ್ಚಿಟ್ಟಂತಲ್ಲವೇ ಎಂದು ಓದುಗರು ಕೇಳಬಹುದು. ಡ್ಯೂಟಿ ಪಟ್ಟಿ ಇದೆ, ಡ್ರಗ್ ಚಾರ್ಟಿನಲ್ಲಿ ಸಹಿ ಇದೆ. ಬಚ್ಚಿಡಲು ಸಾಧ್ಯವೇ ಇಲ್ಲ. ಬೇಕೆಂದೇ ಮಾಡಿದ್ದಾದರೆ, ಕುಡಿದು ಡ್ಯೂಟಿಗೆ ಬಂದದ್ದಾದರೆ, ಅದಕ್ಕೆ ಶಿಸ್ತುಕ್ರಮದ ದಾರಿಯೇ ಬೇರೆ ಇದೆ, ಅದನ್ನು ಈ ಕಾಗದದಲ್ಲಿ ಬೆರೆಸಬಾರದು. ಬೆರೆಸಿದರೆ ಏನಾಗುತ್ತದೆ ಎನ್ನುವುದಕ್ಕೆ ಅಮೆರಿಕದ ನ್ಯಾಶ್‌ವಿಲ್‌ನ ಪ್ರಕರಣವನ್ನು ನರ್ಸಿಂಗ್ ಲೋಕ ಇನ್ನೂ ಮರೆತಿಲ್ಲ. 2017ರ ಡಿಸೆಂಬರಿನಲ್ಲಿ ಅಲ್ಲಿನ ನರ್ಸ್ ಒಬ್ಬರು ವರ್ಸೆಡ್ ಎಂಬ ಆತಂಕ ಇಳಿಸುವ ಔಷಧಕ್ಕಾಗಿ ಔಷಧದ ಯಂತ್ರದಲ್ಲಿ VE ಎಂದು ಒತ್ತಿದರು. ಹೊರಬಂದದ್ದು ವೆಕುರೋನಿಯಂ, ಉಸಿರಾಡುವ ಸ್ನಾಯುಗಳನ್ನೂ ಸೇರಿಸಿ ಮೈಯನ್ನೇ ಸ್ತಬ್ಧಗೊಳಿಸುವ ಔಷಧ. ರೋಗಿ ತೀರಿಕೊಂಡರು. ಗೊತ್ತಾದ ಕೂಡಲೇ ನರ್ಸ್ ತಾನಾಗಿ ಒಪ್ಪಿಕೊಂಡಿದ್ದರು. 2022ರಲ್ಲಿ ನ್ಯಾಯಾಲಯ ಅವರನ್ನು ಅಪರಾಧಿ ಎಂದಿತು, ಮೂರು ವರ್ಷದ ಪ್ರೊಬೇಷನ್ ವಿಧಿಸಿತು. ಮುಚ್ಚಳದ ಮೇಲಿನ ಎಚ್ಚರಿಕೆಯನ್ನು ಆಕೆ ಓದಲಿಲ್ಲ ಎನ್ನುವುದೂ ನಿಜ. ಆದರೆ ತೀರ್ಪು ಕೇಳಿದ ಅಲ್ಲಿನ ನರ್ಸ್‌ಗಳು ಬಹಿರಂಗವಾಗಿಯೇ ಕೇಳಿದ ಪ್ರಶ್ನೆ, ಇನ್ನು ಮೇಲೆ ತಪ್ಪನ್ನು ಬಾಯಿಬಿಟ್ಟು ಹೇಳುವವರು ಯಾರು ಎಂಬುದು.

ಇನ್ನೊಂದು ಕಡೆಯ ತಪ್ಪೂ ಅಷ್ಟೇ ಕೆಟ್ಟದ್ದು. ವರದಿ ಬರೆದೆವಲ್ಲ ಎಂದು ಕೇಸ್ ಶೀಟಿನಲ್ಲಿ ಏನೂ ಬರೆಯದಿರುವುದು. ಇವೆರಡೂ ಬೇರೆ ಬೇರೆ ಕಾಗದ. ಕೇಸ್ ಶೀಟ್ ಇರುವುದು ರೋಗಿಯ ಚಿಕಿತ್ಸೆಗೆ, ಮತ್ತು ಅದು ರೋಗಿಯ ಹಕ್ಕು. ಕೇಳಿದರೆ 72 ಗಂಟೆಯೊಳಗೆ ನಕಲು ಕೊಡಬೇಕೆಂದು ವೈದ್ಯರ ನಡಾವಳಿಯ 2002ರ ನಿಯಮ ಹೇಳುತ್ತದೆ. ಅದರಲ್ಲಿ 12ರ ಬದಲು 30 ಯೂನಿಟ್ ಹೋಗಿದೆ, ಇಷ್ಟು ಹೊತ್ತಿಗೆ ಶುಗರ್ ಇಷ್ಟು, ಇಂಥ ಚಿಕಿತ್ಸೆ, ಮನೆಯವರಿಗೆ ಇಂಥ ವೈದ್ಯರು ತಿಳಿಸಿದರು ಎಂದು ಮುಚ್ಚುಮರೆಯಿಲ್ಲದೆ ಇರಬೇಕು. ಇಲ್ಲದಿದ್ದರೆ ಮರುದಿನ ಬರುವ ಡಾಕ್ಟರ್, ಹನ್ನೆರಡು ಯೂನಿಟ್ಟಿಗೇ ಇಷ್ಟು ಇಳಿಯಿತಲ್ಲ ಎಂದು ಡೋಸ್ ತಗ್ಗಿಸುತ್ತಾರೆ, ಶುಗರ್ 400ಕ್ಕೆ ಏರುತ್ತದೆ. ಇಂಡೆಂಟ್‌ನಲ್ಲಿ ಗಾಢತೆ ಇರಲಿಲ್ಲ, ಫ್ರಿಜ್‌ನಲ್ಲಿ ಚೀಟಿ ಒಂದೇ ಇತ್ತು ಎಂಬ ಮಾತುಗಳಿಗೆ ಕೇಸ್ ಶೀಟಿನಲ್ಲಿ ಜಾಗವಿಲ್ಲ. ಅವು ವರದಿಗೆ.

ಕೊನೆಗೆ ಉಳಿದ ವರದಿ ಇದು:

"68 ವರ್ಷದ ಮಹಿಳೆ, ಕ್ರಿಯಾಟಿನಿನ್ 2.8. ಆದೇಶ: ಪ್ಲೇನ್ ಇನ್ಸುಲಿನ್ 12 ಯೂನಿಟ್, ರಾತ್ರಿ ಊಟಕ್ಕೆ ಮುಂಚೆ. ವಾರ್ಡಿನಲ್ಲಿ 40ರ ಬಾಟಲಿ ಮುಗಿದಿತ್ತು. ಇಂಡೆಂಟ್‌ನಲ್ಲಿ ಗಾಢತೆ ಬರೆದಿರಲಿಲ್ಲ. ಫಾರ್ಮಸಿಯಿಂದ 100ರ ಕಾರ್ಟ್ರಿಜ್ ಬಂತು, ಪೆನ್ ಬರಲಿಲ್ಲ. ಸಂಜೆ 7.45ಕ್ಕೆ ಕೆಂಪು ಮುಚ್ಚಳದ (40) ಸಿರಿಂಜಿನಲ್ಲಿ 12ರ ಗೆರೆಯವರೆಗೆ ಎಳೆದು ಕೊಡಲಾಯಿತು. ಹೋದದ್ದು ಸುಮಾರು 30 ಯೂನಿಟ್. ಎರಡನೇ ಸಿಸ್ಟರ್ ಗೆರೆ ನೋಡಿದರು, ಕಾರ್ಟ್ರಿಜ್ ನೋಡಲಿಲ್ಲ. ಊಟ 8.20ಕ್ಕೆ, ಅರ್ಧ. 10.40ಕ್ಕೆ ಬೆವರು, ಮಂಪರು, ಶುಗರ್ 41. ಡೆಕ್ಸ್‌ಟ್ರೋಸ್ ನಂತರ 11ಕ್ಕೆ 132. 2.30ಕ್ಕೆ ಮತ್ತೆ 58, ಡ್ರಿಪ್. ಬೆಳಿಗ್ಗೆ 6ಕ್ಕೆ 148, ಪೂರ್ಣ ಎಚ್ಚರ. ಕಾರಣ ಗೊತ್ತಾದದ್ದು 6.30ಕ್ಕೆ, ಟ್ರೇಯಲ್ಲಿ ಕಾರ್ಟ್ರಿಜ್ ಮತ್ತು ಕೆಂಪು ಮುಚ್ಚಳ ನೋಡಿ. ಎರಡನ್ನೂ ಎತ್ತಿಡಲಾಗಿದೆ. ಫ್ರಿಜ್‌ನಲ್ಲಿ ಬಾಟಲಿ, ಕಾರ್ಟ್ರಿಜ್ ಒಂದೇ ಅರೆಯಲ್ಲಿವೆ. 24 ರೋಗಿಗಳಿಗೆ ಇಬ್ಬರು ಸಿಸ್ಟರ್."

ಇನ್‌ಚಾರ್ಜ್ ಓದಿ, "ಯಾರು ತಪ್ಪು ಮಾಡಿದ್ರು ಅಂತಲೇ ಇಲ್ವಲ್ಲ ಸರ್ ಇದರಲ್ಲಿ?" ಎಂದರು.

"ಏನು ಮಾಡಬೇಕು ಅಂತ ಗೊತ್ತಾಗ್ತಿದೆಯಾ?" ಎಂದೆ.

ಅವರು ಮತ್ತೊಮ್ಮೆ ಓದಿದರು. "ಫ್ರಿಜ್ ಇವತ್ತೇ ಬೇರೆ ಮಾಡಿಸ್ತೀನಿ," ಎಂದು ಎದ್ದರು.

ಎಷ್ಟು ಹಾನಿಯಾಯಿತು ಎಂಬುದನ್ನು ಗುರುತಿಸಲು ಎ ಇಂದ ಐ ವರೆಗೆ ಒಂಬತ್ತು ಅಕ್ಷರಗಳ ಮಾಪಕವೊಂದಿದೆ, ಅಮೆರಿಕದಲ್ಲಿ ಹುಟ್ಟಿದ್ದು, ನಮ್ಮಲ್ಲೂ ಅನೇಕ ಆಸ್ಪತ್ರೆಗಳಲ್ಲಿ ಬಳಕೆಯಲ್ಲಿದೆ. ಎ ಎಂದರೆ ತಪ್ಪಿಗೆ ದಾರಿಯಾಗುವ ಸನ್ನಿವೇಶವಷ್ಟೆ, ತಪ್ಪು ನಡೆದಿಲ್ಲ. ಬಿ ಎಂದರೆ ನಡೆಯಿತು, ರೋಗಿಯವರೆಗೆ ಹೋಗಲಿಲ್ಲ. ಕೊನೆಯ ಐ ಎಂದರೆ ಸಾವು. ಅಜ್ಜಿಯದು ನಡುವಿನ ಇ: ತಾತ್ಕಾಲಿಕ ಹಾನಿ, ಚಿಕಿತ್ಸೆ ಬೇಕಾಯಿತು. ಅಕ್ಷರ ಯಾವುದು ಎಂದು ಸಮಿತಿಗಳಲ್ಲಿ ಅರ್ಧ ಗಂಟೆ ಚರ್ಚೆ ನಡೆಯುತ್ತದೆ. ನನಗೆ ಅದರಲ್ಲಿ ಅಷ್ಟು ಆಸಕ್ತಿಯಿಲ್ಲ. ಅಜ್ಜಿ ಗಟ್ಟಿಮುಟ್ಟಾಗಿದ್ದು ಊಟ ಪೂರ್ತಿ ಮಾಡಿದ್ದರೆ ಅದೇ ತಪ್ಪಿಗೆ ಇನ್ನೂ ಹಿಂದಿನ ಅಕ್ಷರ ಸಿಗುತ್ತಿತ್ತು, ವರದಿಯೇ ಬರುತ್ತಿರಲಿಲ್ಲವೇನೋ. ಸಿರಿಂಜಿನಲ್ಲಿ ಮಾತ್ರ ಆಗಲೂ 30 ಯೂನಿಟ್ಟೇ ಇರುತ್ತಿತ್ತು.

ಮೂಲ ವರದಿಯ "ತಿಳುವಳಿಕೆ ಹೇಳಲಾಗಿದೆ" ಎಂಬುದರ ಜಾಗಕ್ಕೆ ಬಂದ ಕ್ರಮಗಳು ಇಷ್ಟೇ. ಪೆನ್ನಿಲ್ಲದೆ ಕಾರ್ಟ್ರಿಜ್ ಫಾರ್ಮಸಿಯಿಂದ ಹೊರಗೆ ಹೋಗುವಂತಿಲ್ಲ. ಇನ್ಸುಲಿನ್ ಇಂಡೆಂಟ್‌ನಲ್ಲಿ 40 ಅಥವಾ 100 ಎಂದು ಬರೆಯದಿದ್ದರೆ ಕೊಡುವಂತಿಲ್ಲ. ಎರಡನೇ ಸಿಸ್ಟರ್ ಪರೀಕ್ಷಿಸುವಾಗ ಬಾಟಲಿಯ ಮೇಲಿನ ಸಂಖ್ಯೆಯನ್ನು ಮೊದಲು ಗಟ್ಟಿಯಾಗಿ ಓದಬೇಕು, ಆಮೇಲೆ ಗೆರೆ. ಈ ಮೂರನೆಯದು ನಿಲ್ಲುತ್ತದೆಂದು ನನಗೆ ಪೂರ್ತಿ ನಂಬಿಕೆ ಇರಲಿಲ್ಲ. ಗಡಿಬಿಡಿಯಲ್ಲಿ ಮೊದಲು ಬಿದ್ದುಹೋಗುವುದು ಬಾಯಿಯಲ್ಲಿ ಹೇಳುವ ಕೆಲಸವೇ. ಮೊದಲ ಎರಡಕ್ಕೆ ಯಾರ ನೆನಪೂ ಬೇಕಿಲ್ಲ, ಕೌಂಟರಿನಲ್ಲೇ ತಡೆಯುತ್ತವೆ.

ಕೆಲವು ತಿಂಗಳ ಮೇಲೆ ಇನ್ನೊಂದು ವಾರ್ಡಿನಿಂದ ಒಂದು ಚೀಟಿ ಬಂತು. ಸಹಿ ಇರಲಿಲ್ಲ. "ಫ್ರಿಜ್‌ನಲ್ಲಿ ಪೆನ್ನಿಲ್ಲದ 100ರ ಕಾರ್ಟ್ರಿಜ್ ಎರಡು ಸಿಕ್ಕಿವೆ. ಫಾರ್ಮಸಿಯದ್ದಲ್ಲ. ಡಿಸ್ಚಾರ್ಜ್ ಆದ ರೋಗಿಯ ಮನೆಯವರು ಬಿಟ್ಟು ಹೋದದ್ದು. ನಮ್ಮಲ್ಲಿ ಕೆಂಪು ಸಿರಿಂಜ್ ಮಾತ್ರ ಇದೆ. ತೆಗೆದಿಟ್ಟಿದ್ದೇವೆ, ಏನು ಮಾಡೋದು ಹೇಳಿ." ರೋಗಿಗಳು ಮನೆಯಿಂದ ತರುವ ಇನ್ಸುಲಿನ್ ಬಗ್ಗೆ ನಾವು ಯೋಚಿಸಿಯೇ ಇರಲಿಲ್ಲ.